ಲೋಡ್ ಮತ್ತು ಡಯಲ್ ಜಾಗ ಬದಲಿಸಿದಾಗ ಇಳಿತ ಒಂದೇ ಬರಬೇಕಲ್ಲ?

ಪ್ರಶ್ನೆ: ಲ್ಯಾಬಿನಲ್ಲಿ 25 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯನ್ನು 1 ಮೀಟರ್ ಅಂತರದ ಎರಡು ನೈಫ್ ಎಡ್ಜ್‌ಗಳ ಮೇಲೆ ಕೂರಿಸಿದ್ದೇವೆ. ಎಡ ಆಸರೆಯಿಂದ 250 ಮಿ.ಮೀ. ದೂರದ ಜಾಗಕ್ಕೆ ಎ ಅಂತ, 600 ಮಿ.ಮೀ. ದೂರದ್ದಕ್ಕೆ ಬಿ ಅಂತ ಗುರುತು ಹಾಕಿದ್ದೇವೆ. ಎ ಮೇಲೆ 10 ನ್ಯೂಟನ್ ಹಾಕಿ ಬಿ ಯಲ್ಲಿ ಅಳೆದರೆ 1.45 ಮಿ.ಮೀ. ಬಂತು. ಲೋಡನ್ನು ಬಿ ಗೆ, ಡಯಲ್ ಗೇಜನ್ನು ಎ ಗೆ ಬದಲಿಸಿದರೆ 1.59. ಹ್ಯಾಂಗರ್ ಬೇರೆ 1 ನ್ಯೂಟನ್ ತೂಗುತ್ತದೆ. ಎರಡು ಜಾಗಗಳೂ ಮಧ್ಯದಿಂದ ಸಮದೂರದಲ್ಲಿ ಇಲ್ಲದ್ದಕ್ಕೇ ಹೀಗೆ ಅಂತ ಜೊತೆಯವರು ಹೇಳುತ್ತಾರೆ, ನಿಜವೇ? ಮುಂದೆ ಇದೇ ಪಟ್ಟಿಯ ಮೇಲೆ ಮೂರು ಕಡೆ ಬೇರೆ ಬೇರೆ ಲೋಡ್ ಇಟ್ಟಾಗ ಬಿ ಎಷ್ಟು ಇಳಿಯುತ್ತದೆ ಅಂತ ಲೆಕ್ಕ ಹಾಕಬೇಕಿದೆ. ಅದಕ್ಕೆ ಈ ಮ್ಯಾಕ್ಸ್‌ವೆಲ್ ಪ್ರಮೇಯ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಜೊತೆಯವರ ಮಾತು ಸರಿಯಲ್ಲ. ಎ ಮೇಲಿನ ಲೋಡು ಬಿ ಯನ್ನು ಎಷ್ಟು ಇಳಿಸುತ್ತದೋ, ಬಿ ಮೇಲಿನ ಅದೇ ಲೋಡು ಎ ಯನ್ನೂ ಅಷ್ಟೇ ಇಳಿಸುತ್ತದೆ ಅನ್ನುವುದು ಮ್ಯಾಕ್ಸ್‌ವೆಲ್ ಪ್ರಮೇಯ. ಅದು ಎರಡು ಜಾಗಗಳು ಎಲ್ಲಿದ್ದರೂ ನಡೆಯುತ್ತದೆ. ಒಂದು ಆಸರೆಯ ಹತ್ತಿರ, ಇನ್ನೊಂದು ನಟ್ಟನಡುವೆ ಇದ್ದರೂ ಸರಿ. ಪಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೂ ಪ್ರಮೇಯ ಕೆಡುವುದಿಲ್ಲ. ನಿಮ್ಮ ಎರಡು ರೀಡಿಂಗಿನ ನಡುವಿನ ವ್ಯತ್ಯಾಸ 0.14 ಮಿ.ಮೀ. ಈ ಅಂಕಿಯನ್ನು ಮರೆಯಬೇಡಿ. ನಿಮ್ಮ ಪಟ್ಟಿಯಲ್ಲಿ ಎ, ಬಿ ಗಳಲ್ಲಿ ಒಂದರ ಮೇಲೆ ಇಟ್ಟ 1 ನ್ಯೂಟನ್ ಲೋಡು ಇನ್ನೊಂದರಲ್ಲಿ ಉಂಟುಮಾಡುವ ಇಳಿತವೂ ಹೆಚ್ಚುಕಡಿಮೆ ಅಷ್ಟೇ. ಹ್ಯಾಂಗರಿನ ತೂಕವೂ 1 ನ್ಯೂಟನ್. ಅಂದರೆ ಒಂದು ಸಲ ಹ್ಯಾಂಗರ್ ತೂಗುಹಾಕಿದ ಮೇಲೆ ಡಯಲನ್ನು ಸೊನ್ನೆಗೆ ತಂದಿದ್ದೀರಿ, ಇನ್ನೊಂದು ಸಲ ಖಾಲಿ ಪಟ್ಟಿಯ ಮೇಲೆ ಸೊನ್ನೆ ಮಾಡಿ ಆಮೇಲೆ ಹ್ಯಾಂಗರ್ ಸಮೇತ ತೂಕ ಹಾಕಿದ್ದೀರಿ ಎಂದೇ ನನ್ನ ಅಂದಾಜು. ಇದನ್ನು ಪರೀಕ್ಷಿಸುವ ಬಗೆ ಮುಂದೆ ಹೇಳುತ್ತೇನೆ. ಮೊದಲು ಲೆಕ್ಕದ ಪ್ರಕಾರ ಎಷ್ಟು ಬರಬೇಕಿತ್ತು ನೋಡೋಣ.

ಎರಡೂ ತುದಿ ಸರಳವಾಗಿ ಕೂತ, ಉದ್ದಕ್ಕೂ ಒಂದೇ ಅಡ್ಡಕೊಯ್ತ ಇರುವ ಬೀಮಿಗೆ ಸೂತ್ರ ಹೀಗಿದೆ. ಎಡಗಡೆ ಇರುವ ಬಿಂದು ಎಡ ಆಸರೆಯಿಂದ m ದೂರದಲ್ಲಿ, ಬಲಗಡೆ ಇರುವ ಬಿಂದು ಬಲ ಆಸರೆಯಿಂದ n ದೂರದಲ್ಲಿ ಇದ್ದರೆ, ಒಂದರ ಮೇಲೆ P ಲೋಡ್ ಇಟ್ಟಾಗ ಇನ್ನೊಂದು ಕಡೆಯ ಇಳಿತ

y = P·m·n·(L² − m² − n²) / (6·E·I·L)

ಇಲ್ಲಿ L ಅಂದರೆ ಆಸರೆಗಳ ನಡುವಿನ ಅಂತರ, E ಅಂದರೆ ವಸ್ತುವಿನ ಸ್ಥಿತಿಸ್ಥಾಪಕತೆಯ ಗುಣಾಂಕ, I ಅಂದರೆ ಅಡ್ಡಕೊಯ್ತದ ಜಡತ್ವ ಮೊಮೆಂಟ್. ಲೋಡ್ ಯಾವ ಬಿಂದುವಿನ ಮೇಲೆ ಇದೆ ಅಂತ ಈ ಸೂತ್ರ ಕೇಳುವುದೇ ಇಲ್ಲ, ಗಮನಿಸಿ. m ಮತ್ತು n ಅದಲುಬದಲು ಮಾಡಿದರೂ ಉತ್ತರ ಅದೇ. ಪುಸ್ತಕಗಳಲ್ಲಿ ಇದೇ ಸೂತ್ರವನ್ನು a, b, x ಇಟ್ಟು ಬರೆದಿರುತ್ತಾರೆ, ಆಗ ಈ ಸಮತೆ ಕಣ್ಣಿಗೆ ಬೀಳುವುದಿಲ್ಲ. ದೂರಗಳನ್ನು ಎರಡು ತುದಿಗಳಿಂದ ಒಂದೊಂದಾಗಿ ಅಳೆದರೆ ಪ್ರಮೇಯ ಸೂತ್ರದೊಳಗೇ ಕೂತಿರುವುದು ಕಾಣುತ್ತದೆ.

ನಿಮ್ಮ ಪಟ್ಟಿಗೆ I ಅಂದರೆ 25 × 6³ / 12 = 450 mm⁴. ಉಕ್ಕಿನ E ಅನ್ನು 200000 N/mm² ಅಂತ ಹಿಡಿದರೆ E·I = 9 × 10⁷ N·mm². m = 250, n = 400, P = 10. ಕಂಸದೊಳಗಿನ ಬೆಲೆ 777500. ಒಟ್ಟು ಲೆಕ್ಕ ಹಾಕಿದರೆ 1.44 ಮಿ.ಮೀ. ನಿಮ್ಮ ಮೊದಲ ರೀಡಿಂಗ್ 1.45, ಅಂದರೆ ಡಯಲಿನ ಒಂದೇ ಒಂದು ಗೆರೆ ಆಚೆ. ಎರಡನೆಯ ಸಲ ಪಟ್ಟಿಯ ಮೇಲೆ ನಿಜವಾಗಿ 11 ನ್ಯೂಟನ್ ಇತ್ತು ಅಂತ ಇಟ್ಟುಕೊಂಡರೆ 1.584 ಬರಬೇಕು. ನಿಮಗೆ 1.59 ಬಂದಿದೆ. ಅದೂ ಕೂಡಿತು. ಅಳತೆ ಚೆನ್ನಾಗಿಯೇ ಮಾಡಿದ್ದೀರಿ, ಸೊನ್ನೆ ಎಲ್ಲಿಂದ ಶುರು ಅನ್ನುವುದು ಮಾತ್ರ ಬದಲಾಗಿದೆ.

ಇನ್ನು ಯಾವುದು ಯಾವುದಕ್ಕೆ ಸಮ ಅನ್ನುವಲ್ಲಿಯೂ ಬಹಳ ಜನ ಎಡವುತ್ತಾರೆ. ಇದೇ ಪಟ್ಟಿಯಲ್ಲಿ 10 ನ್ಯೂಟನ್ ಇಟ್ಟು ನಾಲ್ಕು ಅಳತೆ ತೆಗೆಯಬಹುದು. ಲೋಡ್ ಎ ಮೇಲೆ ಇದ್ದಾಗ ಎ ಕೆಳಗಿನ ಇಳಿತ 1.30, ಬಿ ಕೆಳಗಿನದು 1.44. ಲೋಡ್ ಬಿ ಮೇಲೆ ಇದ್ದಾಗ ಎ ಕೆಳಗಿನದು 1.44, ಬಿ ಕೆಳಗಿನದು 2.13. ಈ ನಾಲ್ಕರಲ್ಲಿ ಪ್ರಮೇಯ ಸಮ ಅನ್ನುವುದು ಎರಡು 1.44 ಗಳನ್ನು ಮಾತ್ರ. ಲೋಡಿನ ಅಡಿಯಲ್ಲೇ ಬರುವ 1.30 ಮತ್ತು 2.13 ಸಮ ಇರಬೇಕಾಗಿಲ್ಲ, ಇಲ್ಲಂತೂ ಇಲ್ಲವೇ ಇಲ್ಲ. ಪಟ್ಟಿ ಬಾಗಿದ ಆಕಾರವೂ ಎರಡು ಸಲ ಬೇರೆ ಬೇರೆಯೇ. ಎರಡು ಬೇರೆ ಆಕಾರಗಳಲ್ಲಿ ಒಂದೊಂದು ಬಿಂದುವಿನ ಎತ್ತರ ಮಾತ್ರ ತಾಳೆಯಾಗುತ್ತದೆ. ಇನ್ನೊಂದು ವಿಷಯ: ಲೋಡ್ ಎ ಮೇಲೆ ಇದ್ದರೂ ಎ ಗಿಂತ ಬಿ ಯೇ ಹೆಚ್ಚು ಇಳಿಯುತ್ತದೆ. ಲೋಡ್ ಇಟ್ಟ ಕಡೆಯೇ ಹೆಚ್ಚು ಬಾಗಬೇಕು ಅಂತ ಅಂದುಕೊಂಡವರು 1.44 ಕಂಡಾಗ ಡಯಲ್ ಕೆಟ್ಟಿದೆ ಅಂತ ಬಿಚ್ಚಲು ಹೊರಡುತ್ತಾರೆ. ಡಯಲ್ ಸರಿಯಾಗಿಯೇ ಇರುತ್ತದೆ. ಸರಳ ಆಸರೆಯ ಬೀಮಿನಲ್ಲಿ ಲೋಡ್ ಬದಿಗೆ ಇದ್ದರೂ ಅತಿ ಹೆಚ್ಚು ಇಳಿತ ಮಧ್ಯದ ಆಸುಪಾಸಿನಲ್ಲೇ ಬರುತ್ತದೆ.

ಎರಡೂ ಸಲ ಲೋಡ್ ಒಂದೇ ಇರಬೇಕು ಅನ್ನುವುದೂ ಕಡ್ಡಾಯವಲ್ಲ. ಎ ಮೇಲೆ 20 ನ್ಯೂಟನ್ ಇಟ್ಟರೆ ಬಿ 2.88 ಮಿ.ಮೀ. ಇಳಿಯುತ್ತದೆ. ಬಿ ಮೇಲೆ 10 ಇಟ್ಟರೆ ಎ 1.44 ಇಳಿಯುತ್ತದೆ. ಈಗ ಅಡ್ಡಡ್ಡ ಗುಣಿಸಿ: ಎ ಮೇಲಿನ 20 ಅನ್ನು ಬಿ ಲೋಡಿನಿಂದ ಎ ಇಳಿದ 1.44 ರಿಂದ ಗುಣಿಸಿದರೆ 28.8, ಬಿ ಮೇಲಿನ 10 ಅನ್ನು ಎ ಲೋಡಿನಿಂದ ಬಿ ಇಳಿದ 2.88 ರಿಂದ ಗುಣಿಸಿದರೂ 28.8. ಮ್ಯಾಕ್ಸ್‌ವೆಲ್ 1864 ರಲ್ಲಿ ಹೇಳಿದ್ದು ಏಕಮಾನ ಲೋಡಿನ ಮಾತು. 1872 ರಲ್ಲಿ ಬೆಟ್ಟಿ ಅದನ್ನು ಯಾವ ಲೋಡುಗಳ ಗುಂಪಿಗೂ ಅನ್ವಯಿಸುವಂತೆ ಕೆಲಸದ ಗುಣಾಕಾರವಾಗಿ ಬರೆದರು. ರೀಡಿಂಗನ್ನು ಲೋಡಿನಿಂದ ಭಾಗಿಸಿ, ನ್ಯೂಟನ್ನಿಗೆ ಇಷ್ಟು ಮಿಲಿಮೀಟರ್ ಅಂತ ಬರೆದುಕೊಳ್ಳುವ ಅಭ್ಯಾಸ ಇಟ್ಟುಕೊಂಡರೆ ಎರಡರ ನಡುವೆ ಗೊಂದಲವೇ ಬರುವುದಿಲ್ಲ. ನಿಮ್ಮ ಪಟ್ಟಿಗೆ ಆ ಸಂಖ್ಯೆ 0.144.

ಸೂತ್ರ ಸರಿ, ಆದರೆ ಎಲ್ಲ ಬೀಮಿಗೂ ಇದು ಯಾಕೆ ನಿಜ? ಎರಡೂ ಲೋಡುಗಳನ್ನು ಪಟ್ಟಿಯ ಮೇಲೆ ತರುವುದಕ್ಕೆ ಎರಡು ದಾರಿ ಇದೆ. ಮೊದಲು ಎ ಮೇಲೆ ನಿಧಾನವಾಗಿ 10 ನ್ಯೂಟನ್ ತನ್ನಿ. ಲೋಡ್ ಸೊನ್ನೆಯಿಂದ ಹತ್ತಕ್ಕೆ ಏರುತ್ತಾ ಎ ಬಿಂದು 1.30 ಇಳಿಯುತ್ತದೆ, ಹಾಗಾಗಿ ಕೆಲಸ ಅರ್ಧ ಗುಣಿಸು 10 ಗುಣಿಸು 1.302, ಅಂದರೆ 6.51 ನ್ಯೂಟನ್ ಮಿಲಿಮೀಟರ್. ಈಗ ಬಿ ಮೇಲೆ ನಿಧಾನವಾಗಿ 10 ತನ್ನಿ. ಅದರದೇ ಕೆಲಸ ಅರ್ಧ ಗುಣಿಸು 10 ಗುಣಿಸು 2.133, ಅಂದರೆ 10.67. ಆದರೆ ಬಿ ಇಳಿಯುವಾಗ ಎ ಕೂಡ ಇನ್ನಷ್ಟು ಇಳಿಯಿತಲ್ಲ, ಅಲ್ಲಿ ಪೂರ್ತಿ 10 ನ್ಯೂಟನ್ ಮೊದಲೇ ಕೂತಿತ್ತು. ಅದು ಮಾಡಿದ ಕೆಲಸಕ್ಕೆ ಅರ್ಧ ಇಲ್ಲ: 10 ಗುಣಿಸು 1.44, ಅಂದರೆ 14.40. ಒಟ್ಟು 31.58. ಈಗ ಕ್ರಮ ತಿರುಗಿಸಿ, ಮೊದಲು ಬಿ, ಆಮೇಲೆ ಎ. ಅರ್ಧದ ಎರಡು ಬಾಬತ್ತು ಹಾಗೇ ಉಳಿಯುತ್ತವೆ. ಮೂರನೆಯದು ಮಾತ್ರ ಈ ಸಲ ಬಿ ಮೇಲೆ ಮೊದಲೇ ಕೂತ 10 ನ್ಯೂಟನ್, ಎ ಲೋಡಿನಿಂದ ಬಿ ಇಳಿದಷ್ಟು ದೂರ ಇಳಿದು ಮಾಡಿದ ಕೆಲಸ. ಕೊನೆಗೆ ಪಟ್ಟಿಯ ಮೇಲಿರುವ ಲೋಡುಗಳು ಅವೇ, ಬಾಗಿದ ಆಕಾರವೂ ಅದೇ, ಪಟ್ಟಿಯೊಳಗೆ ಕೂಡಿಟ್ಟ ಶಕ್ತಿಯೂ ಅಷ್ಟೇ. ಹಾಗಿದ್ದರೆ ಮೂರನೆಯ ಬಾಬತ್ತು ಎರಡು ದಾರಿಯಲ್ಲೂ ಸಮ ಇರಲೇಬೇಕು. ಅಷ್ಟೇ ಪ್ರಮೇಯ. ಈ ವಾದದಲ್ಲಿ ಪಟ್ಟಿ ಸಮಾನ ದಪ್ಪ ಇದೆ ಅಂತ ಎಲ್ಲೂ ಹೇಳಬೇಕಾಗಲಿಲ್ಲ, ಆಸರೆ ಎಷ್ಟು ಅಂತಲೂ ಕೇಳಲಿಲ್ಲ. ಬಳಸಿಕೊಂಡದ್ದು ಎರಡೇ: ಲೋಡು ಎರಡರಷ್ಟಾದರೆ ಇಳಿತವೂ ಎರಡರಷ್ಟು ಆಗಬೇಕು, ಲೋಡ್ ತೆಗೆದರೆ ಪಟ್ಟಿ ಮೊದಲಿನ ಜಾಗಕ್ಕೆ ಮರಳಬೇಕು.

ಆ ಎರಡರಲ್ಲಿ ಒಂದು ಕೈಕೊಟ್ಟರೆ ರೀಡಿಂಗೂ ಕೈಕೊಡುತ್ತದೆ. ಅದಕ್ಕೇ ಒಂದೇ ಲೋಡಿನ ಒಂದೇ ರೀಡಿಂಗ್ ನಂಬಬೇಡಿ. ಮೊದಲ ಜೋಡಣೆಯಲ್ಲಿ 5, 10, 15 ನ್ಯೂಟನ್ ಹಾಕಿ ಮೂರು ರೀಡಿಂಗ್ ತೆಗೆಯಿರಿ, ಇಳಿಸುತ್ತಾ ಮತ್ತೆ ಮೂರು. ಹ್ಯಾಂಗರ್ ಸೊನ್ನೆಯೊಳಗೆ ಸೇರಿದ್ದರೆ 0.72, 1.44, 2.16 ರ ಹತ್ತಿರ ಬರಬೇಕು. ಎರಡನೆಯ ಜೋಡಣೆಯಲ್ಲಿ ಹ್ಯಾಂಗರ್ ಸೊನ್ನೆಯ ಹೊರಗೆ ಉಳಿದಿದ್ದರೆ 0.86, 1.58, 2.30. ಎರಡನ್ನೂ ಗ್ರಾಫಿನಲ್ಲಿ ಹಾಕಿದರೆ ಎರಡು ಸಮಾನಾಂತರ ಗೆರೆಗಳು ಸಿಗುತ್ತವೆ. ಮೊದಲನೆಯದು ಮೂಲಬಿಂದುವಿನಿಂದ ಹೊರಡುತ್ತದೆ, ಎರಡನೆಯದು 0.14 ಮೇಲಿನಿಂದ. ಇಳಿಜಾರು ಮಾತ್ರ ಎರಡಕ್ಕೂ 0.144. ಪ್ರಮೇಯ ಪರೀಕ್ಷಿಸುವುದಾದರೆ ಈ ಇಳಿಜಾರುಗಳನ್ನೇ ಹೋಲಿಸಿ. ಹ್ಯಾಂಗರ್ ತೂಕ, ಸೊನ್ನೆಯ ತಪ್ಪು, ಪಟ್ಟಿಯ ಸ್ವಂತ ತೂಕ ಎಲ್ಲವೂ ಅದರಲ್ಲಿ ತಾನಾಗಿ ಕಳೆದುಹೋಗುತ್ತವೆ. ಸ್ವಂತ ತೂಕ ಅಂದೆ, ಅದೇನು ಕಡಿಮೆಯಲ್ಲ: ಪಟ್ಟಿ ಸುಮಾರು 11.6 ನ್ಯೂಟನ್ ತೂಗುತ್ತದೆ. ನೀವು ಏನೂ ಹಾಕುವ ಮೊದಲೇ ಬಿ ಸುಮಾರು 1.6 ಮಿ.ಮೀ. ಇಳಿದು ಕೂತಿರುತ್ತದೆ.

ಗೆರೆಗಳು ಸಮಾನಾಂತರವಾಗಿಲ್ಲದಿದ್ದರೆ ತಪ್ಪು ಬೇರೆ ಕಡೆ ಹುಡುಕಬೇಕು. ಶುರುವಿನಲ್ಲಿ ಗೆರೆ ವಕ್ರವಾಗಿ, ಆಮೇಲೆ ನೇರವಾದರೆ ಸಾಮಾನ್ಯವಾಗಿ ಪಟ್ಟಿ ತಿರುಚಿಕೊಂಡಿರುತ್ತದೆ. ನೈಫ್ ಎಡ್ಜಿನ ಮೇಲೆ ಒಂದು ಮೂಲೆ ಕೂತು ಇನ್ನೊಂದು ಮೂಲೆ ಕೂದಲೆಳೆಯಷ್ಟು ಎದ್ದಿರುತ್ತದೆ. ಮೊದಲ ಒಂದೆರಡು ನ್ಯೂಟನ್ ಆ ಸಂದು ಮುಚ್ಚುವುದಕ್ಕೇ ಖರ್ಚಾಗುತ್ತದೆ. ಆಸರೆಯ ಬಳಿ ಪಟ್ಟಿಯ ಎರಡು ಅಂಚನ್ನೂ ಬೆರಳಿನಿಂದ ಒಂದಾದ ಮೇಲೊಂದು ಒತ್ತಿ ನೋಡಿ, ಟಕ್ಕೆಂದು ಅಲುಗಿದರೆ ಅದೇ. ಸಂದಿಗೆ ತೆಳು ತಗಡು ಕೊಡಿ, ಇಲ್ಲವೇ ಮೊದಲೇ ಒಂದಿಷ್ಟು ತೂಕ ಹಾಕಿ ಕೂರಿಸಿ ಅಲ್ಲಿಂದ ಸೊನ್ನೆ ಶುರುಮಾಡಿ. ಆಸರೆ ಸ್ಪ್ರಿಂಗಿನ ಹಾಗೆ ಸ್ವಲ್ಪ ಕುಸಿದರೆ ಪ್ರಮೇಯಕ್ಕೆ ಬಾಧೆಯಿಲ್ಲ. ಅದು ಲೋಡಿಗೆ ತಕ್ಕಷ್ಟೇ ಕುಸಿಯುತ್ತದೆ. ಕೆಡಿಸುವುದು ಸಂದು, ಎದ್ದು ಬೀಳುವ ಸಂಪರ್ಕ. ಬೀಮ್ ಆಸರೆಯಾಚೆ ಚಾಚಿದ್ದು, ಆ ಚಾಚಿನ ಮೇಲೆ ಲೋಡ್ ಇಟ್ಟಾಗ ದೂರದ ಆಸರೆಯಿಂದ ಅದು ಏಳುವಂತಿದ್ದರೆ ಮೇಲಿನಿಂದಲೂ ಹಿಡಿದಿಡುವ ವ್ಯವಸ್ಥೆ ಬೇಕು. ಅಲ್ಲಿ ಇನ್ನೊಂದು ಸಂಗತಿ: ಚಾಚಿನ ಮೇಲಿನ ಲೋಡು ಮಧ್ಯಭಾಗವನ್ನು ಮೇಲಕ್ಕೆತ್ತುತ್ತದೆ, ಮಧ್ಯದ ಲೋಡು ಚಾಚಿನ ತುದಿಯನ್ನು ಮೇಲಕ್ಕೆತ್ತುತ್ತದೆ. ಪ್ರಮಾಣದ ಜೊತೆಗೆ ಚಿಹ್ನೆಯೂ ತಾಳೆಯಾಗಬೇಕು.

ಡಯಲ್ ಗೇಜೂ ಪೂರ್ತಿ ನಿರಪರಾಧಿಯಲ್ಲ. ಅದರ ಪ್ಲಂಜರಿನ ಹಿಂದೆ ಸ್ಪ್ರಿಂಗ್ ಇದೆ, ಅದು ಪಟ್ಟಿಯನ್ನು ಸುಮಾರು ಒಂದು ನ್ಯೂಟನ್ನಿನಷ್ಟು ಒತ್ತುತ್ತಿರುತ್ತದೆ. ಸೊನ್ನೆ ಮಾಡಿದಾಗ ಆ ಒತ್ತಡವೂ ಲೆಕ್ಕದಿಂದ ಹೋಗುತ್ತದೆ, ಪ್ಲಂಜರ್ ಚಲಿಸಿದಾಗ ಒತ್ತಡ ಬದಲಾಗುವಷ್ಟು ಮಾತ್ರ ಉಳಿಯುತ್ತದೆ. ನಿಮ್ಮ 6 ಮಿ.ಮೀ. ಪಟ್ಟಿಗೆ ಅದು ಡಯಲಿನ ಒಂದೆರಡು ಗೆರೆಯ ಮಾತು. ಪಟ್ಟಿ 2 ಅಥವಾ 3 ಮಿ.ಮೀ. ಆದರೆ ಉಪೇಕ್ಷಿಸಲಾಗದು. ಡಯಲ್ ಬಿ ಯಲ್ಲಿದ್ದಾಗ ಪಟ್ಟಿಗೆ ಬಿ ಯಲ್ಲಿ ಒಂದು ಸ್ಪ್ರಿಂಗ್, ಎ ಯಲ್ಲಿದ್ದಾಗ ಎ ಯಲ್ಲಿ ಒಂದು ಸ್ಪ್ರಿಂಗ್. ಕಡ್ಡಿಮುರಿದಂತೆ ಹೇಳುವುದಾದರೆ ಇವು ಎರಡು ಬೇರೆ ರಚನೆಗಳು, ಪ್ರಮೇಯವೋ ಒಂದೇ ರಚನೆಗೆ ಸಂಬಂಧಿಸಿದ್ದು. ಎರಡು ಡಯಲ್ ಇದ್ದರೆ ಎರಡೂ ಬಿಂದುಗಳಲ್ಲಿ ಒಂದೊಂದು ತಾಗಿಸಿಟ್ಟು, ಲೋಡನ್ನು ಮಾತ್ರ ಜಾಗ ಬದಲಿಸಿ. ಆಗ ಎರಡು ಸ್ಪ್ರಿಂಗೂ ಎರಡು ಸಲವೂ ಇರುತ್ತವೆ, ರಚನೆ ಬದಲಾಗುವುದಿಲ್ಲ. ಸೊನ್ನೆಗೆ ಮತ್ತೆ ಮತ್ತೆ ಕೈಹಾಕುವ ಕೆಲಸವೂ ತಪ್ಪುತ್ತದೆ. ಪ್ಲಂಜರ್ ಒಳಗೆ ಅಂಟಿಕೊಳ್ಳುವ ಚಾಳಿ ಇದ್ದರೆ ಲೋಡ್ ಏರಿಸುವಾಗ ಒಂದು ರೀಡಿಂಗ್, ಇಳಿಸುವಾಗ ಇನ್ನೊಂದು ಬರುತ್ತದೆ. ಓದುವ ಮುಂಚೆ ಸ್ಟ್ಯಾಂಡನ್ನು ಬೆರಳತುದಿಯಿಂದ ಮೆಲ್ಲಗೆ ತಟ್ಟಿ.

ಜಾಗದ ತಪ್ಪು ಎಷ್ಟು ನೋಯಿಸುತ್ತದೆ ಅಂತಲೂ ತಿಳಿದಿರಲಿ. ಹ್ಯಾಂಗರನ್ನು ಎ ಗುರುತಿನಿಂದ 5 ಮಿ.ಮೀ. ಬಲಕ್ಕೆ ಸಿಕ್ಕಿಸಿದರೆ ಬಿ ಯ ರೀಡಿಂಗ್ 0.024 ಮಿ.ಮೀ. ಹೆಚ್ಚುತ್ತದೆ, ಅಂದರೆ ನೂರಕ್ಕೆ ಸುಮಾರು 1.7. ಲೋಡಿನ ಕೊಕ್ಕೆ ಪಟ್ಟಿಯ ಒಂದು ಅಂಚಿಗೆ, ಡಯಲಿನ ಮೊನೆ ನಡುಗೆರೆಗೆ ಇದ್ದರೆ ಪಟ್ಟಿ ತಿರುಚುವುದೂ ಸೇರುತ್ತದೆ. ಲೋಡ್ ಇಟ್ಟ ಬಿಂದು, ಅಳೆದ ಬಿಂದು ಎರಡೂ ಅಗಲದಲ್ಲೂ ನಡುಗೆರೆಯ ಮೇಲೇ ಇರಲಿ.

ಒಂದು ಉಪಯುಕ್ತ ಸುಳಿವು ಇದರಲ್ಲೇ ಇದೆ. ಎರಡು ರೀಡಿಂಗೂ ಪರಸ್ಪರ ತಾಳೆಯಾಗಿ, ಆದರೆ ಎರಡೂ ಲೆಕ್ಕದ ಉತ್ತರದಿಂದ ದೂರ ಇದ್ದರೆ ಜೋಡಣೆ ಸರಿಯಿದೆ, ನೀವು ಸೂತ್ರಕ್ಕೆ ಕೊಟ್ಟ ಅಳತೆ ತಪ್ಪು. ಮೊದಲ ಸಂಶಯ ದಪ್ಪದ ಮೇಲೆ. 6 ಮಿ.ಮೀ. ಅಂತ ಹೇಳಿದ ಪಟ್ಟಿ ನಿಜವಾಗಿ 5.9 ಇದ್ದರೆ ಘನದ ಕಾರಣ ಇಳಿತ ನೂರಕ್ಕೆ 5 ರಷ್ಟು ಹೆಚ್ಚುತ್ತದೆ. ಅದೂ ಎರಡು ಕಡೆಗೂ ಒಂದೇ ಪ್ರಮಾಣದಲ್ಲಿ. ಎರಡು ರೀಡಿಂಗ್ ತಮ್ಮಲ್ಲೇ ತಾಳೆಯಾಗದಿದ್ದರೆ ದಪ್ಪ, E, ಸ್ಪ್ಯಾನ್ ಯಾವುದನ್ನೂ ದೂರಬೇಡಿ. ಅವು ಯಾವುವೂ ಆ ವ್ಯತ್ಯಾಸ ತರಲಾರವು.

ಈಗ ನಿಮ್ಮ ಮೂರು ಲೋಡಿನ ಲೆಕ್ಕ. ಎಡ ಆಸರೆಯಿಂದ 250 ರಲ್ಲಿ 20 ನ್ಯೂಟನ್, 400 ರಲ್ಲಿ 5, 800 ರಲ್ಲಿ 15 ಅಂತ ಇಟ್ಟುಕೊಳ್ಳೋಣ. ಬಿ ಎಷ್ಟು ಇಳಿಯುತ್ತದೆ? ನೇರ ದಾರಿಯಲ್ಲಿ ಮೂರು ಲೋಡಿಗೂ ಬೇರೆ ಬೇರೆ ಬಾಗಿದ ಆಕಾರ ಬರೆದು, ಪ್ರತಿಯೊಂದರಲ್ಲೂ ಬಿ ಯ ಎತ್ತರ ಹುಡುಕಬೇಕು. ತಿರುವಿದ ದಾರಿಯಲ್ಲಿ ಆ ಮೂರು ಲೋಡನ್ನು ಸದ್ಯಕ್ಕೆ ಮರೆತು, ಬಿ ಮೇಲೆ ಒಂದೇ ಒಂದು ನ್ಯೂಟನ್ ಇಡಿ. ಅದರಿಂದ ಪಟ್ಟಿ ಬಾಗಿದ ಒಂದೇ ಆಕಾರ ಸಾಕು. ಆ ಆಕಾರದಲ್ಲಿ 250 ರ ಬಳಿ ಇಳಿತ 0.144, 400 ರ ಬಳಿ 0.2015, 800 ರ ಬಳಿ 0.1333. ಕೊನೆಯದರಲ್ಲಿ ಎಚ್ಚರ: 800 ಇರುವುದು ಬಿ ಯ ಬಲಕ್ಕೆ. ಅಲ್ಲಿ m ಅಂದರೆ ಬಿ ಯ 600, n ಅಂದರೆ ಬಲ ಆಸರೆಯಿಂದ 200. ಹಳೆಯ 400 ಅನ್ನೇ n ಅಂತ ಉಳಿಸಿಕೊಳ್ಳುವುದು ಇಲ್ಲಿ ಬಹಳ ಸಲ ಆಗುವ ತಪ್ಪು. ಈ ಮೂರು ಎತ್ತರಗಳು ಪ್ರಮೇಯದ ಪ್ರಕಾರ, ಆಯಾ ಜಾಗದಲ್ಲಿ ಒಂದು ನ್ಯೂಟನ್ ಇಟ್ಟರೆ ಬಿ ಇಳಿಯುವ ಪ್ರಮಾಣವೂ ಹೌದು. ಹಾಗಾಗಿ

20 × 0.1440 + 5 × 0.2015 + 15 × 0.1333 = 2.88 + 1.01 + 2.00 = 5.89 mm

ಈ ಮೂರು ಲೋಡಿನಿಂದ ಪಟ್ಟಿಯಲ್ಲಿ ಬರುವ ಅತಿ ಹೆಚ್ಚಿನ ಬೆಂಡಿಂಗ್ ಮೊಮೆಂಟ್ 5400 N·mm, ಸ್ಟ್ರೆಸ್ 36 N/mm². ಉಕ್ಕಿಗೆ ಇದು ಏನೂ ಅಲ್ಲ, ಹಾಗಾಗಿ ಕೂಡಿಸಿದ್ದು ನ್ಯಾಯ. ಅಳೆದು ನೋಡುವುದಾದರೆ ಮೇಲಿನಿಂದ ತಾಗಿಸಿದ ಡಯಲಿನ ಪ್ಲಂಜರನ್ನು ಶುರುವಿನಲ್ಲೇ 7 ಮಿ.ಮೀ. ಒಳಗೆ ಒತ್ತಿಟ್ಟಿರಿ. ಇಲ್ಲದಿದ್ದರೆ ಪಟ್ಟಿ ಇಳಿಯುತ್ತಾ ಮೊನೆಯನ್ನು ಬಿಟ್ಟುಹೋಗುತ್ತದೆ, ಮುಳ್ಳು ನಿಂತಲ್ಲೇ ನಿಲ್ಲುತ್ತದೆ. ದೊಡ್ಡ ಮುಳ್ಳು ಒಂದು ಸುತ್ತಿಗೆ 1 ಮಿ.ಮೀ. ತೋರಿಸುವ ಗೇಜಾದರೆ ಸಣ್ಣ ಮುಳ್ಳನ್ನೂ ಓದಿ. ಉತ್ತರ ಸರಿಯಾಗಿ 1 ಮಿ.ಮೀ. ಕಮ್ಮಿ ಬಂದರೆ ಒಂದು ಸುತ್ತು ಎಣಿಸಲು ಮರೆತಿದ್ದೀರಿ.

ಈ ತಿರುವು ಎಲ್ಲ ಕಡೆ ಲಾಭವೇ? ಅಲ್ಲ. ಲ್ಯಾಬಿನಲ್ಲಿ ಮೂರೇ ಲೋಡು, ಜಾಗವೂ ನಿಗದಿಯಾಗಿದ್ದರೆ ಮೂರನ್ನೂ ಒಟ್ಟಿಗೆ ತೂಗುಹಾಕಿ ಬಿ ಯಲ್ಲಿ ಓದಿಬಿಡುವುದೇ ಸುಲಭ. ಲೋಡ್ ಜಾಗ ಬದಲಿಸುತ್ತಲೇ ಇದ್ದು, ಕೇಳುವ ಬಿಂದು ಮಾತ್ರ ಒಂದೇ ಆಗಿದ್ದಾಗ ತಿರುವು ಹಣ್ಣು ಕೊಡುತ್ತದೆ. ಚಲಿಸುವ ಲೋಡು ಅಂತ ಇಟ್ಟುಕೊಳ್ಳಿ: ಬಿ ಮೇಲೆ ಏಕಮಾನ ಲೋಡ್ ಇಟ್ಟು ಪಡೆದ ಆ ಒಂದು ವಕ್ರರೇಖೆಯೇ ಬಿ ಯ ಇಳಿತದ ಇನ್‌ಫ್ಲುಯೆನ್ಸ್ ಲೈನ್. ಹರಡಿದ ಲೋಡಾದರೆ ಅದು ಹರಡಿದಷ್ಟು ಭಾಗದಲ್ಲಿ ವಕ್ರರೇಖೆಯ ಕೆಳಗಿನ ವಿಸ್ತೀರ್ಣವನ್ನು ಲೋಡಿನ ತೀವ್ರತೆಯಿಂದ ಗುಣಿಸಿದರೆ ಮುಗಿಯಿತು. ಪೂರ್ತಿ ಸ್ಪ್ಯಾನಿಗೆ ನಿಮ್ಮ ಪಟ್ಟಿಯಲ್ಲಿ ಆ ವಿಸ್ತೀರ್ಣ ಸುಮಾರು 138 mm²/N. ಮೇಲೆ ಹೇಳಿದ ಸ್ವಂತ ತೂಕದ 1.6 ಮಿ.ಮೀ. ಬಂದದ್ದು ಹೀಗೇ. ಸಾಫ್ಟ್‌ವೇರಿನಲ್ಲಿ ಲೋಡಿನ 40 ಜಾಗಗಳಿಗೆ 40 ಲೋಡ್ ಕೇಸ್ ಬರೆಯುವ ಬದಲು ಬಿ ಮೇಲೆ ಒಂದೇ ಕೇಸ್ ಓಡಿಸಿ 40 ನೋಡ್‌ಗಳ ಇಳಿತ ಓದಿಕೊಳ್ಳಬಹುದು. ಅಪಾಯ ಎಲ್ಲಿದೆ ಅಂದರೆ, ಮಾಡೆಲಿನಲ್ಲಿ ಒತ್ತಡ ಮಾತ್ರ ತಾಳುವ ಆಸರೆ, ಎಳೆತ ಮಾತ್ರ ತಾಳುವ ಕೇಬಲ್ ಅಂಥದ್ದು ಇದ್ದರೆ ಈ ಉಪಾಯ ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತದೆ. ಅನುಮಾನ ಬಂದರೆ ಒಂದೆರಡು ಜಾಗಕ್ಕೆ ನೇರ ಲೋಡ್ ಇಟ್ಟು ತಾಳೆ ನೋಡಿ. ಬಿರುಕು ಬಿಟ್ಟ ಕಾಂಕ್ರೀಟ್ ಬೀಮಿಗೂ ಇದೇ ಎಚ್ಚರಿಕೆ: ಲೋಡ್ ಎಲ್ಲಿದೆ, ಎಷ್ಟಿದೆ ಅನ್ನುವುದರ ಮೇಲೆ ಬಿರುಕು ಬಿಡುವ ಜಾಗವೂ ಬದಲಾಗುತ್ತದೆ. ಎರಡು ಸಲ ಅಳೆದದ್ದು ಒಂದೇ ಬೀಮ್ ಆಗಿ ಉಳಿದಿರುವುದಿಲ್ಲ.

ಕೈಲೆಕ್ಕದಲ್ಲೂ ತಿರುವು ಶ್ರಮ ಉಳಿಸುತ್ತದೆ. ಕ್ಯಾಂಟಿಲಿವರಿನ ತುದಿಯಲ್ಲಿ P ಇದ್ದಾಗ ಮಧ್ಯದ ಇಳಿತ ಕೇಳಿದರೆ ಬಾಗಿದ ಆಕಾರದ ಪೂರ್ತಿ ಸಮೀಕರಣ ಬೇಕು. ತಿರುವಿ P ಯನ್ನು ಮಧ್ಯಕ್ಕೆ ತಂದು ತುದಿಯ ಇಳಿತ ಕೇಳಿ. ಮಧ್ಯದಿಂದಾಚೆ ಬೀಮಿನಲ್ಲಿ ಬೆಂಡಿಂಗ್ ಇಲ್ಲ, ಅದು ನೆಟ್ಟಗಿರುತ್ತದೆ. ಹಾಗಾಗಿ ಮಧ್ಯದ ಇಳಿತ PL³/24EI, ಅದಕ್ಕೆ ಅಲ್ಲಿನ ಓರೆ PL²/8EI ಯನ್ನು ಉಳಿದ L/2 ರಿಂದ ಗುಣಿಸಿ ಸೇರಿಸಿದರೆ 5PL³/48EI. ಮೊದಲ ಪ್ರಶ್ನೆಗೂ ಇದೇ ಉತ್ತರ. ಇಳಿತದ ಬದಲು ಓರೆ ಕೇಳಿದರೆ ಜೋಡಿ ಬದಲಾಗುತ್ತದೆ: ಬಿ ಮೇಲಿನ ಏಕಮಾನ ಲೋಡಿನಿಂದ ಎ ಯಲ್ಲಿ ಬರುವ ಓರೆಗೆ ಸಮನಾಗಿರುವುದು, ಎ ಯಲ್ಲಿ ಏಕಮಾನ ಮೊಮೆಂಟ್ ಕೊಟ್ಟಾಗ ಬಿ ಇಳಿಯುವ ದೂರ. ಓರೆಯನ್ನು ರೇಡಿಯನ್ನಿನಲ್ಲಿ, ಮೊಮೆಂಟನ್ನು N·mm ನಲ್ಲಿ ಇಟ್ಟರೆ ಮಾತ್ರ ಅಂಕಿಗಳು ಕೂಡುತ್ತವೆ. ಡಿಗ್ರಿಯಲ್ಲಿ ಬರೆದರೆ 57 ಪಟ್ಟು ತಪ್ಪು.

ಇಷ್ಟೆಲ್ಲ ಮಾಡಿ ಲ್ಯಾಬಿನಲ್ಲಿ ಮತ್ತೆ ಅಳೆಯುವಾಗ ಆಸರೆಗೆ ತೀರಾ ಹತ್ತಿರದ ಬಿಂದು ಆರಿಸಬೇಡಿ. ಬಿ ಮೇಲೆ 10 ನ್ಯೂಟನ್ ಇಟ್ಟಾಗ ಎಡ ಆಸರೆಯಿಂದ 50 ಮಿ.ಮೀ. ದೂರದಲ್ಲಿ ಬರುವ ಇಳಿತ 0.31 ಮಿ.ಮೀ. ಅಷ್ಟೇ. 0.01 ಮಿ.ಮೀ. ಓದುವ ಡಯಲಿಗೆ ಒಂದು ಗೆರೆ ಅಂದರೆ ಅಲ್ಲಿ ನೂರಕ್ಕೆ ಮೂರು. ಎ ಯಲ್ಲಿ ಅದೇ ಒಂದು ಗೆರೆ ನೂರಕ್ಕೆ ಒಂದೂ ಆಗುವುದಿಲ್ಲ. ನೀವು ಗುರುತು ಹಾಕಿಕೊಂಡ ಎ ಮತ್ತು ಬಿ ಈ ಕೆಲಸಕ್ಕೆ ಒಳ್ಳೆಯ ಜಾಗಗಳೇ, ಅವನ್ನೇ ಇಟ್ಟುಕೊಳ್ಳಿ. ಹ್ಯಾಂಗರನ್ನು ಎರಡು ಸಲವೂ ತೂಗುಹಾಕಿದ ಮೇಲೆಯೇ ಡಯಲನ್ನು ಸೊನ್ನೆಗೆ ತಿರುಗಿಸಿ.